ಫೋನ್ ಸಂದರ್ಶನದ ಬದಲು ವಿಡಿಯೊ: ಎಚ್‌ಆರ್‌ಗೆ ಏನು ಬರೆಯಬೇಕು?

*ನನಗೆ 27 ವರ್ಷ. ಬಿ.ಕಾಂ. ಮುಗಿಸಿ ಶಿರಸಿ ಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದೇನೆ. ಎರಡೂ ಕಿವಿಗೆ ಶ್ರವಣಯಂತ್ರ ಇದೆ. ಎದುರು ಕೂತು ಮಾತಾಡಿದರೆ ತೊಂದರೆ ಇಲ್ಲ, ಫೋನಿನಲ್ಲಿ ಮಾತ್ರ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಬೆಂಗಳೂರಿನ ಒಂದು ಕಂಪನಿಯವರು ಮುಂದಿನ ಗುರುವಾರ ಫೋನಿನಲ್ಲೇ ಮೊದಲ ಸಂದರ್ಶನ ಇಟ್ಟಿದ್ದಾರೆ. ಅದಾದ ಮೇಲೆ ಮೂರು ಜನರ ಎದುರು ಇನ್ನೊಂದು. ಕಿವಿಯ ಸುದ್ದಿ ಎತ್ತಿದರೆ ಕರೆಯುವುದೇ ಇಲ್ಲ ಎನ್ನುತ್ತಾರೆ ಅಪ್ಪಯ್ಯ. ಏನಂತ ಬರೆಯಲಿ? ಬರೆಯಲೋ, ಬೇಡವೋ?*
— ಓದುಗಿ, ಶಿರಸಿ ತಾಲೂಕು

ಬರೆಯಿರಿ, ಸೋಮವಾರ ಬೆಳಿಗ್ಗೆಯೇ ಬರೆಯಿರಿ. ಅಪ್ಪಯ್ಯನ ಹೆದರಿಕೆ ಸುಳ್ಳಲ್ಲ, ಹಾಗೆ ಮಾಡುವವರು ಇದ್ದಾರೆ. ಆದರೆ ಹೇಳದೆ ಫೋನ್ ಎತ್ತಿದರೆ ಏನಾಗುತ್ತದೆ ನೋಡಿ. ನಾಲ್ಕು ಸಲ "ಏನಂದ್ರಿ?" ಎಂದು ಕೇಳಿದ ಮೇಲೆ ಆ ಕಡೆಯವರು ನಿಮ್ಮ ಹೆಸರಿನ ಮುಂದೆ "ಸಂವಹನ ಸಾಲದು" ಎಂದು ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಕಾರಣ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ. ಅದೇ ಮಾತನ್ನು ಮೂರು ದಿನ ಮೊದಲು ಹೇಳಿದರೆ ಬರೀ ಏರ್ಪಾಡಿನ ಮಾತು. ಎಚ್‌ಆರ್‌ನವರು ಸಂದರ್ಶಕರನ್ನು ಕೇಳಿ, ಲಿಂಕ್ ಮಾಡಿಸಿ ಕಳಿಸಲು ಒಂದೆರಡು ದಿನ ಬೇಕು. ಬುಧವಾರ ರಾತ್ರಿ ಬರೆದರೆ ಅವರಿಗೆ ಮನಸ್ಸಿದ್ದರೂ ಕೈಯಲ್ಲಾಗದು.

ಫೋನು ಯಾಕೆ ಕಷ್ಟ ಎಂಬುದು ನಿಮಗೇ ಸ್ಪಷ್ಟವಿದ್ದರೆ ಪತ್ರ ಗಟ್ಟಿಯಾಗುತ್ತದೆ. ಹಳೆಯ ಮಾದರಿಯ ದೂರವಾಣಿ ಕರೆ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. ಸ, ಫ ಇಂಥ ವ್ಯಂಜನಗಳ ಗುರುತಿನ ದೊಡ್ಡ ಪಾಲು ಅದಕ್ಕಿಂತ ಮೇಲಿದೆ. ಈಗಿನ 4ಜಿ ಕರೆ ಇದಕ್ಕಿಂತ ಮೇಲು, ಆದರೆ ಎರಡೂ ಕಡೆ ಆ ಸೌಲಭ್ಯ ಇದ್ದಾಗ ಮಾತ್ರ. ಅದಿದ್ದರೂ ಎದುರಿನವರ ತುಟಿ ಕಾಣುವುದಿಲ್ಲ. ವಿಡಿಯೊದಲ್ಲಿ ಮುಖ ಕಾಣುತ್ತದೆ, ಆಡಿದ ಮಾತು ಕೆಳಗೆ ಅಕ್ಷರವಾಗಿಯೂ ಓಡುತ್ತದೆ. ಹಾಗಾಗಿ ನೀವು ಕೇಳುತ್ತಿರುವುದು ರಿಯಾಯಿತಿಯಲ್ಲ, ಅದೇ ಪ್ರಶ್ನೆಗಳು ಬೇರೆ ದಾರಿಯಲ್ಲಿ ಬರಲಿ ಎಂದಷ್ಟೇ.

ಹೊಸ ಮೇಲ್ ತೆರೆಯಬೇಡಿ. ಸಂದರ್ಶನದ ದಿನ ತಿಳಿಸಿದ ಮೇಲ್‌ಗೇ ಉತ್ತರವಾಗಿ ಬರೆದರೆ ಅವರು ಹುಡುಕಬೇಕಾಗಿಲ್ಲ. ಅವರ ವ್ಯವಹಾರ ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷಿನಲ್ಲೇ ಬರೆಯಿರಿ, ಆದರೆ ಸಾಲುಗಳ ಕ್ರಮ ಹೀಗೇ ಇರಲಿ:

"ನಮಸ್ಕಾರ ಮೇಡಂ. ಗುರುವಾರ 11 ಗಂಟೆಯ ಸಂದರ್ಶನಕ್ಕೆ ನಾನು ಸಿದ್ಧಳಿದ್ದೇನೆ. ನನಗೆ ಶ್ರವಣದೋಷವಿದೆ, ಶ್ರವಣಯಂತ್ರ ಬಳಸುತ್ತೇನೆ. ಫೋನ್ ಕರೆಯ ಬದಲು ಅದೇ ಹೊತ್ತಿಗೆ ವಿಡಿಯೊ ಕರೆ ಇಟ್ಟು, ಸಂದರ್ಶಕರು ಕ್ಯಾಮೆರಾ ಹಾಕಿಕೊಂಡು ಮಾತನಾಡುವಂತೆ ಮಾಡಿಕೊಡಬೇಕೆಂದು ಕೋರುತ್ತೇನೆ. ಅಂಕಿಗಳು, ಹೆಸರುಗಳು ಬಂದಾಗ ಚಾಟ್‌ನಲ್ಲಿ ಟೈಪ್ ಮಾಡಿದರೆ ಸಾಕು. ಗೂಗಲ್ ಮೀಟ್, ಟೀಮ್ಸ್ ಯಾವುದಾದರೂ ಆದೀತು. ಬುಧವಾರ ಮಧ್ಯಾಹ್ನದೊಳಗೆ ಲಿಂಕ್ ಸಿಕ್ಕರೆ ಮೊದಲೇ ಪರೀಕ್ಷಿಸಿಕೊಳ್ಳುತ್ತೇನೆ."

ಮುಗಿಯಿತು. ದೋಷದ ಬಗ್ಗೆ ಒಂದೇ ಸಾಲು, ಅದೂ ಕೆಲಸಕ್ಕೆ ಬೇಕಾದಷ್ಟೇ. ಎಷ್ಟು ಡೆಸಿಬೆಲ್, ಯಾವ ವಯಸ್ಸಿನಿಂದ, ಯಾವ ಡಾಕ್ಟರು ಎಂಬುದು ಬೇಡ. ಕಿವಿ ಪರೀಕ್ಷೆಯ ವರದಿಯಾಗಲಿ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿಯಾಗಲಿ ಲಗತ್ತಿಸಬೇಡಿ. ಅವರು ಕೇಳಿದರೆ ಕಾರ್ಡು ತೋರಿಸಿ, ವರದಿ ಕೊಡುವ ಅಗತ್ಯವಿಲ್ಲ. "ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ" ಎಂಬ ಸಾಲು ಖಂಡಿತ ಬೇಡ. ನಮ್ಮ ಕಡೆಯ ಹುಡುಗಿಯರ ಪತ್ರಗಳಲ್ಲಿ ಅದು ತಾನಾಗಿ ಬಂದು ಕೂರುತ್ತದೆ. ಬರೆದು ಮುಗಿಸಿದ ಮೇಲೆ ಹುಡುಕಿ ಅಳಿಸಿ. "ಏನಾದರೂ ಅನುಕೂಲ ಮಾಡಿಕೊಡಿ" ಎಂದೂ ಬರೆಯಬೇಡಿ. ಏನು ಮಾಡಬೇಕೆಂದು ತಿಳಿಯದೆ ಅವರು ಸುಮ್ಮನಾಗುತ್ತಾರೆ, ಇಲ್ಲವೇ ಫೋನಿನಲ್ಲೇ ಜೋರಾಗಿ ಕೂಗಿ ಮಾತಾಡುತ್ತಾರೆ. ಕೂಗಿದರೆ ವ್ಯಂಜನ ಸ್ಪಷ್ಟವಾಗುವುದಿಲ್ಲ, ಸ್ವರವಷ್ಟೇ ದೊಡ್ಡದಾಗುತ್ತದೆ.

ಅಂಕಿ, ಹೆಸರುಗಳನ್ನು ಚಾಟ್‌ನಲ್ಲಿ ಕೇಳಿದ್ದಕ್ಕೆ ಕಾರಣವಿದೆ. ತಾನಾಗಿ ಮೂಡುವ ಅಕ್ಷರಸಾಲು ಮಾಮೂಲು ಮಾತನ್ನು ಚೆನ್ನಾಗಿ ಹಿಡಿಯುತ್ತದೆ, ಹೆಸರು ಮತ್ತು ಸಂಖ್ಯೆಯಲ್ಲಿ ಎಡವುತ್ತದೆ. ಇಂಗ್ಲಿಷಿನ ಹದಿನೈದು ಐವತ್ತಾದರೆ ಲೆಕ್ಕದ ಪ್ರಶ್ನೆಯ ಉತ್ತರವೇ ತಪ್ಪುತ್ತದೆ. ಮೀಟ್‌ನಲ್ಲಿ Turn on captions ಒತ್ತಿದರೆ ನಿಮ್ಮ ಪರದೆಯಲ್ಲಿ ನೀವೇ ಅಕ್ಷರಸಾಲು ತಂದುಕೊಳ್ಳಬಹುದು. ಜೂಮ್ ಲಿಂಕ್ ಬಂದರೆ ಮಾತ್ರ, ಅವರ ಖಾತೆಯಲ್ಲಿ ಆ ಸೌಲಭ್ಯ ತೆರೆದಿರಬೇಕಾಗುತ್ತದೆ, ಅದನ್ನು ಕೂಡಲೇ ಕೇಳಿಬಿಡಿ. ಮಾತು ಇಂಗ್ಲಿಷಿನಲ್ಲಿ ನಡೆಯುವುದಾದರೆ ಅಕ್ಷರಸಾಲಿನ ಭಾಷೆಯೂ ಇಂಗ್ಲಿಷೇ ಇದೆಯಾ ಎಂದು ನೋಡಿಕೊಳ್ಳಿ. ಬೇರೆ ಭಾಷೆ ಇದ್ದರೆ ಅರ್ಥವಿಲ್ಲದ ಪದಗಳು ಓಡುತ್ತವೆ.

ಮೂರು ಜನರ ಸಂದರ್ಶನದ ಮಾತನ್ನು ಈ ಪತ್ರದಲ್ಲಿ ಎತ್ತದಿರುವುದೇ ಲೇಸು. ಮೊದಲ ಸುತ್ತು ದಾಟಿ ದಿನ ಗೊತ್ತಾದ ಮೇಲೆ ಎರಡು ಸಾಲು ಬರೆಯಿರಿ: ಒಮ್ಮೆಗೆ ಒಬ್ಬರೇ ಮಾತನಾಡಲಿ, ಕಿಟಕಿ ನನ್ನ ಬೆನ್ನಿಗೆ ಬರುವಂತೆ ಕುರ್ಚಿ ಇಡಲಿ. ಕಿಟಕಿ ಅವರ ಬೆನ್ನಿಗಿದ್ದರೆ ಅವರ ಮುಖ ನೆರಳಾಗಿ ತುಟಿ ಕಾಣುವುದಿಲ್ಲ.

ಇನ್ನು, ಮೇಲ್ ಓದದೆ ಗುರುವಾರ ಫೋನ್ ಮಾಡಿಬಿಟ್ಟರೆ? ಎತ್ತಿ, ಅವರು ಏನು ಹೇಳುತ್ತಿದ್ದಾರೆಂದು ತಿಣುಕದೆ, "ನನಗೆ ಫೋನಿನಲ್ಲಿ ಸ್ಪಷ್ಟವಾಗಿ ಕೇಳುವುದಿಲ್ಲ ಸರ್, ಸೋಮವಾರ ವಿಡಿಯೊಕ್ಕಾಗಿ ಮೇಲ್ ಮಾಡಿದ್ದೆ, ಈಗಲೇ ಮೀಟ್ ಲಿಂಕ್ ಕಳಿಸುತ್ತೇನೆ" ಎಂದು ಹೇಳಿ ಇಟ್ಟು, ಮೊದಲೇ ಮಾಡಿಟ್ಟ ಲಿಂಕ್ ಕಳಿಸಿ. ಅದನ್ನು ಬುಧವಾರವೇ ತಯಾರಿಸಿಡಿ.

ಕಾನೂನಿನ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇಂಥ ಸೂಕ್ತ ಅನುಕೂಲದ ಅರ್ಥವನ್ನು ಹೇಳುತ್ತದೆ, ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು ಖಾಸಗಿ ಸಂಸ್ಥೆಗಳಿಗೂ ಹೇಳುತ್ತದೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಆ ನೀತಿಯಲ್ಲಿ ಏನೇನಿರಬೇಕೆಂದು 2017ರ ನಿಯಮಗಳಲ್ಲಿ ವಿವರವಿದೆ. ಆದರೆ ಉದ್ಯೋಗದ ವಿಚಾರದಲ್ಲಿ ಕಾಯ್ದೆಯ ಬಿಗಿಯಾದ ಕಟ್ಟಳೆಗಳು ಮುಖ್ಯವಾಗಿ ಸರ್ಕಾರಿ ಸಂಸ್ಥೆಗಳ ಮೇಲಿವೆ. ಆದ್ದರಿಂದ ಮೊದಲ ಪತ್ರದಲ್ಲಿ ಕಲಮಿನ ಸಂಖ್ಯೆ ಹಾಕಬೇಡಿ. ಕಂಪನಿಯ ಜಾಲತಾಣದಲ್ಲಿ ಆ ನೀತಿ ಇದೆಯಾ ನೋಡಿಟ್ಟುಕೊಳ್ಳಿ. ಆಗುವುದಿಲ್ಲ ಎಂಬ ಉತ್ತರ ಬಂದರೆ, "ನಿಮ್ಮ ನೀತಿಯಲ್ಲಿ ಹೇಳಿರುವ ಅನುಕೂಲವನ್ನೇ ಕೇಳುತ್ತಿದ್ದೇನೆ" ಎಂದು ಬರೆಯಲು ಅದು ಬೇಕಾಗುತ್ತದೆ.

ಮಳೆಗಾಲದಲ್ಲಿ ನಮ್ಮ ಊರಿನದೇ ಒಂದು ತೊಂದರೆ ಇದೆ. ಶೀಟಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನೂ ಶ್ರವಣಯಂತ್ರ ಎತ್ತಿ ಕೇಳಿಸುತ್ತದೆ, ಮಾತು ಅದರಡಿ ಹೂತುಹೋಗುತ್ತದೆ. ಮನೆಯಲ್ಲಿ ಸ್ಲ್ಯಾಬ್ ಹಾಕಿದ ಕೋಣೆ ಇದ್ದರೆ ಅಲ್ಲಿ ಕೂರಿ, ಇಲ್ಲದಿದ್ದರೆ ಪೇಟೆಯಲ್ಲಿ ನೆಂಟರ ಮನೆಯ ಒಳಕೋಣೆಯನ್ನು ಒಂದು ತಾಸಿಗೆ ಕೇಳಿ. ಕರೆಂಟು ಹೋದರೂ ನಡೆಯುವಂತೆ ಫೋನಿನ ಡೇಟಾ ಸಿದ್ಧವಿರಲಿ. ಯಂತ್ರವನ್ನು ಹಿಂದಿನ ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಗುಂಡಿ ಸೆಲ್ ಹಾಕುವ ಯಂತ್ರವಾದರೆ ಬೆಳಿಗ್ಗೆ ಹೊಸ ಸೆಲ್‌ನ ಸ್ಟಿಕರ್ ಕಿತ್ತು, ಒಂದೆರಡು ನಿಮಿಷ ಗಾಳಿ ತಾಗಲು ಬಿಟ್ಟು ಹಾಕಿ.