ತೆಗೆದ ಮೇಲೆ ಜಾರೂಕೆ ಎಂತ ಉಳೀತದೆ?

ಅಂಕೋಲಾ, ಕುಮಟಾ ಕಡೆಯ ಐವತ್ತು ದಾಟಿದ ಹೆಂಗಸರಲ್ಲಿ ಗರ್ಭಕೋಶ ಜಾರುವ ಈ ಪ್ರಕರಣ ಮತ್ತೆ ಮತ್ತೆ ಎದುರಾಗುತ್ತದೆ. ಗುರುತು ಹತ್ತದಂತೆ ವಿವರ ಬದಲಿಸಿ ಒಬ್ಬರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಯಸ್ಸು 56, ಕೆಲಸ ಮೀನು ಮಾರಾಟ. ಐದು ಹೆರಿಗೆ. ಮೊದಲನೆಯದು ಮಾತ್ರ ಆಸ್ಪತ್ರೆಯಲ್ಲಿ. ಇಡೀ ರಾತ್ರಿ ನೋವು ತಿಂದ ಮೇಲೆ ಇಕ್ಕಳ ಹಾಕಿ ಮಗುವನ್ನು ತೆಗೆದಿದ್ದರು. ಉಳಿದ ನಾಲ್ಕೂ ಮನೆಯಲ್ಲಿ. ಪ್ರತಿ ಬಾಣಂತನವೂ ಹದಿನೈದಿಪ್ಪತ್ತು ದಿನಕ್ಕೆ ಮುಗಿದು, ತಲೆಯ ಮೇಲೆ ಬುಟ್ಟಿ ಏರುತ್ತಿತ್ತು. ಮುಟ್ಟು ನಿಂತು ಆರು ವರ್ಷ.

ಬೆಳಿಗ್ಗೆ ಏಳುವಾಗ ಏನೂ ಇರುವುದಿಲ್ಲ, ಸಂಜೆಯಾಗುತ್ತಿದ್ದಂತೆ ಕೆಳಗೆ ಗಂಟಿನಂಥದ್ದು ಇಳಿಯುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಈಚೆಗೆ ಬೆರಳಿನಿಂದ ಮೇಲೆ ತಳ್ಳದೆ ಮೂತ್ರ ಸರಿಯಾಗಿ ಬರುತ್ತಿರಲಿಲ್ಲ. ಇಷ್ಟನ್ನು ಆಕೆ ಸೊಸೆಗೂ ಹೇಳಿರಲಿಲ್ಲ. ಒಗೆಯಲು ಹಾಕಿದ ಬಟ್ಟೆಯಲ್ಲಿ ಕಲೆ ನೋಡಿ ಸೊಸೆಯೇ ಕೇಳಿದ್ದು. ಸ್ತ್ರೀರೋಗ ತಜ್ಞರು ಪರೀಕ್ಷಿಸಿದಾಗ, ಮುಕ್ಕಿದರೆ ಗರ್ಭಕೋಶದ ಕೊರಳು ಯೋನಿಯ ಬಾಯಿಯಿಂದ ಸುಮಾರು 2 ಸೆಂಟಿಮೀಟರ್ ಹೊರಗೆ ಬರುತ್ತಿತ್ತು. ಇದು ನಾಲ್ಕರಲ್ಲಿ ಮೂರನೆಯ ಹಂತ. ಉಜ್ಜಿ ಉಜ್ಜಿ ಕೊರಳಿನ ಮೇಲೆ ಸಣ್ಣ ಹುಣ್ಣಾಗಿತ್ತು, ಕಲೆ ಅದರದ್ದೇ. ಮುಟ್ಟು ನಿಂತ ಮೇಲೆ ಕಾಣುವ ರಕ್ತವನ್ನು ಹುಣ್ಣಿನದ್ದೆಂದು ಊಹಿಸಿ ಬಿಡುವಂತಿಲ್ಲ, ಹಾಗಾಗಿ ಗರ್ಭಕೋಶದ ಸ್ಕ್ಯಾನು, ಕೊರಳಿನ ಪರೀಕ್ಷೆ ಮೊದಲು ಆದವು. ಎರಡರಲ್ಲೂ ದೋಷವಿರಲಿಲ್ಲ.

ನನ್ನ ಹತ್ತಿರ ಬರುವ ಹೊತ್ತಿಗೆ ಮನೆಯಲ್ಲಿ ತೀರ್ಮಾನವಾಗಿತ್ತು: ಗರ್ಭಕೋಶ ತೆಗೆಸಿಬಿಡುವುದು. ಮಗ ದುಡ್ಡು ಹೊಂದಿಸಿದ್ದ. ಅತ್ತೆ, ಸೊಸೆ ಇಬ್ಬರೂ ಎದುರು ಕೂತಿದ್ದರು. ಆಪರೇಷನ್ ಆದ ಮೇಲೂ ಕೆಲವರಿಗೆ ಮತ್ತೆ ಜಾರುತ್ತದೆ ಎಂದು ನಾನು ಹೇಳಿದಾಗ ಅತ್ತೆ ನಕ್ಕೇಬಿಟ್ಟರು. “ಅಕ್ಕೋರೆ, ತೆಗೆದ ಮೇಲೆ ಜಾರೂಕೆ ಎಂತ ಉಳೀತದೆ?”

ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಬಹಳ. ಆ ದಿನದ ಮಾತುಕತೆ ಪೂರ್ತಿ ಅದರ ಮೇಲೆಯೇ ನಡೆಯಿತು.

ಉಳಿಯುವುದು ಯೋನಿಯ ಮೇಲ್ತುದಿ. ಗರ್ಭಕೋಶವನ್ನು ಕತ್ತರಿಸಿ ತೆಗೆದಲ್ಲಿ ಹೊಲಿಗೆ ಹಾಕಿ ಮುಚ್ಚಿರುತ್ತಾರೆ, ಅದರ ಮುಂದೆ ಮೂತ್ರಕೋಶ, ಹಿಂದೆ ಗುದನಾಳ, ಮೇಲೆ ಕರುಳು. ಆಧಾರ ಸಡಿಲವಾಗಿದ್ದರೆ ಕಾಲುಚೀಲದ ಒಳಮೈ ಹೊರಬಿದ್ದ ಹಾಗೆ ಆ ತುದಿಯೇ ತಿರುಗಿ ಕೆಳಗಿಳಿಯುತ್ತದೆ. ಯಾಕೆಂದರೆ ಈಕೆಯ ಗರ್ಭಕೋಶಕ್ಕೆ ರೋಗವೇ ಇರಲಿಲ್ಲ, ಸೋತಿದ್ದು ಅದನ್ನು ಹಿಡಿದಿಟ್ಟ ವ್ಯವಸ್ಥೆ.

ಆ ವ್ಯವಸ್ಥೆಯಲ್ಲಿ ಎರಡು ಭಾಗ. ಮೇಲಿನದು ಕಟ್ಟುಗಳು, ಅಂದರೆ ಲಿಗಮೆಂಟುಗಳು. ಗರ್ಭಕೋಶದ ಕೊರಳು ಮತ್ತು ಯೋನಿಯ ಮೇಲ್ಭಾಗವನ್ನು ಕಾರ್ಡಿನಲ್ ಲಿಗಮೆಂಟುಗಳು ಎರಡೂ ಪಕ್ಕದ ಗೋಡೆಗೆ ಹಿಡಿದಿವೆ. ಯುಟಿರೋಸೇಕ್ರಲ್ ಲಿಗಮೆಂಟುಗಳು ಹಿಂದಕ್ಕೆ, ಬೆನ್ನುಮೂಳೆಯ ಕೊನೆಯ ತ್ರಿಕಾಸ್ಥಿಯ ಕಡೆಗೆ ಎಳೆದಿವೆ. ಪಠ್ಯಪುಸ್ತಕದ ಚಿತ್ರದಲ್ಲಿ ಎದ್ದು ಕಾಣುವ ರೌಂಡ್ ಲಿಗಮೆಂಟು, ಬ್ರಾಡ್ ಲಿಗಮೆಂಟು ಬೇರೆ. ಅವು ಗರ್ಭಕೋಶದ ಭಾರ ಹೊರುವುದಿಲ್ಲ ಎಂದೇ ಹೇಳಬೇಕು. ಬ್ರಾಡ್ ಲಿಗಮೆಂಟು ಹೊಟ್ಟೆಯ ಒಳಪೊರೆಯ ಒಂದು ಮಡಿಕೆ ಅಷ್ಟೇ. ಚಿತ್ರ ನೋಡಿ ಓದಿದವರು ಇಲ್ಲೇ ದಾರಿ ತಪ್ಪುತ್ತಾರೆ.

ಕೆಳಗಿನ ಭಾಗ ಸ್ನಾಯು. ಲಿವೇಟರ್ ಏನೈ ಎಂಬ ಈ ಸ್ನಾಯುಗಳ ಗುಂಪು ಸೊಂಟದ ಗೂಡಿಗೆ ತಳ ಹಾಕಿದೆ. ಅದರ ಒಳ ಅಂಚು ಮುಂದಿನ ಎಲುಬಿನ ಒಂದು ಬದಿಯಿಂದ ಹೊರಟು, ಗುದನಾಳದ ಹಿಂದೆ ಸುತ್ತಿ, ಇನ್ನೊಂದು ಬದಿಗೆ ಬಂದು ಅಂಟುತ್ತದೆ. ನಡುವಿನ ಸಂದಿನಲ್ಲಿ ಮೂತ್ರನಾಳ, ಯೋನಿ, ಗುದನಾಳ ಹಾಯುತ್ತವೆ. ಕೈಕಾಲಿನ ಸ್ನಾಯು ನಿದ್ದೆಯಲ್ಲಿ ಸಡಿಲವಾಗುತ್ತದೆ, ಇದು ಆಗಲೂ ಸ್ವಲ್ಪ ಬಿಗಿಯಾಗಿಯೇ ಇದ್ದು ಸಂದನ್ನು ಮುಚ್ಚಿಡುತ್ತದೆ. ಆಗ ಯೋನಿಯ ಮೇಲ್ಭಾಗ ಈ ತಳದ ಮೇಲೆ ಹಿಂದಕ್ಕೆ ಒರಗಿರುತ್ತದೆ. ಕೆಮ್ಮಿದರೂ ಭಾರ ಎತ್ತಿದರೂ ಹೊಟ್ಟೆಯ ಒತ್ತಡ ಅದನ್ನು ತಳಕ್ಕೆ ಅದುಮುತ್ತದೆಯೇ ಹೊರತು ಹೊರಕ್ಕೆ ನೂಕುವುದಿಲ್ಲ.

ಇವೆರಡರಲ್ಲಿ ಭಾರ ಹೊರುವುದು ಯಾವುದು? ಉತ್ತರ ಆಕೆಯಿಂದಲೇ ಬರಲಿ ಎಂದು ಕೇಳಿದೆ: ಧಕ್ಕೆಯಲ್ಲಿ ಕಟ್ಟಿದ ದೋಣಿಯ ಭಾರವನ್ನು ಹಗ್ಗ ಹೊರುತ್ತದೋ, ನೀರೋ?

“ನೀರೇ. ಹಗ್ಗ ಬರೇ ಆಚೀಚೆ ಹೋಗದಂಗೆ ಹಿಡೀತದೆ,” ಎಂದರು. ಸ್ವಲ್ಪ ತಡೆದು, “ನೀರು ಪೂರಾ ಇಳದ್ರೆ ಮಾತ್ರ ಹಗ್ಗಕ್ಕೆ ಭಾರ ಬೀಳ್ತದೆ. ಹಂಗೇ ಬಿಟ್ರೆ ಜಗ್ಗಿ ಹರಿತದೆ.”

ಸ್ನಾಯುವಿನ ತಳ ನೀರು, ಲಿಗಮೆಂಟು ಹಗ್ಗ. ತಳ ಗಟ್ಟಿ ಇರುವವರೆಗೆ ಲಿಗಮೆಂಟಿಗೆ ದೊಡ್ಡ ಕೆಲಸವಿಲ್ಲ. ತಳ ಸೋತ ದಿನದಿಂದ ಪೂರ್ತಿ ಭಾರ ಅದರ ಮೇಲೆ. ಅದು ಒಂದೇ ದಿನಕ್ಕೆ ಹರಿಯುವುದಿಲ್ಲ, ವರ್ಷಗಟ್ಟಲೆ ಜಗ್ಗುತ್ತಾ ಉದ್ದವಾಗುತ್ತದೆ. ಹೆರಿಗೆಯಲ್ಲಿ ಆದ ಪೆಟ್ಟು ಇಪ್ಪತ್ತು ಮೂವತ್ತು ವರ್ಷದ ಮೇಲೆ ಕಾಣಿಸಿಕೊಳ್ಳುವುದು ಇದಕ್ಕೇ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಆ ಅಂಗಾಂಶ ತೆಳುವಾಗುವುದರಿಂದ ಜಗ್ಗುವಿಕೆ ಇನ್ನೂ ಬೇಗ.

ಹೆರಿಗೆಯಲ್ಲಿ ತಳಕ್ಕೆ ಆಗುವುದೇನು? ಮಗುವಿನ ತಲೆ ಆ ಸಂದಿನಿಂದಲೇ ಬರಬೇಕು. ಕಂಪ್ಯೂಟರ್ ಮಾದರಿಗಳ ಲೆಕ್ಕದಂತೆ ಸ್ನಾಯುವಿನ ಅತಿ ಒಳಗಿನ ಎಳೆಗಳು ತಮ್ಮ ಉದ್ದದ ಮೂರು ಪಟ್ಟಿಗಿಂತಲೂ ಹೆಚ್ಚು ಹಿಗ್ಗಬೇಕಾಗುತ್ತದೆ. ಬಸಿರಿನಲ್ಲಿ ಅಂಗಾಂಶ ಮೆದುವಾಗುವುದರಿಂದ ಹೆಚ್ಚಿನವರಲ್ಲಿ ಹಿಗ್ಗಿದ್ದು ಬಹುಮಟ್ಟಿಗೆ ಮರಳುತ್ತದೆ. ಕೆಲವರಲ್ಲಿ ಸ್ನಾಯು ಎಲುಬಿನಿಂದ ಕಿತ್ತೇ ಬರುತ್ತದೆ, ಇಕ್ಕಳ ಹಾಕಿದ ಹೆರಿಗೆಯಲ್ಲಿ ಇದು ಹೆಚ್ಚು. ಹೀಗೆ ಹರಿದದ್ದು ಹೊರಗೆ ಕಾಣದು, ಹೆರಿಗೆಯಾದಾಗ ಹಾಕುವ ಹೊಲಿಗೆ ಅಲ್ಲಿಗೆ ಮುಟ್ಟದು. ನಮ್ಮ ಪ್ರಕರಣದಲ್ಲಿ ವೈದ್ಯರು ಬೆರಳಿಟ್ಟು ಬಿಗಿಯಲು ಹೇಳಿದಾಗ ಎಡಗಡೆ ಸ್ನಾಯು ಎಲುಬಿಗೆ ಅಂಟಿದ್ದು ಸಿಕ್ಕಿತು, ಬಲಗಡೆ ಬರೀ ಎಲುಬು ಸಿಕ್ಕಿತು. ದೊಡ್ಡ ಪೆಟ್ಟು ಬಹುಶಃ ಆ ಮೊದಲ ಹೆರಿಗೆಯದ್ದೇ.

ಹಾಗಾದರೆ ಮುಂದಿನ ನಾಲ್ಕರ ಪಾಲೇನು? ಪ್ರತಿ ಸಲವೂ ಅದೇ ನರ, ಅದೇ ಪೊರೆ, ಅದೇ ಕಟ್ಟು ಮತ್ತೆ ಜಗ್ಗುತ್ತದೆ. ಸ್ನಾಯುವಿಗೆ ಬಿಗಿಯಲು ಹೇಳುವ ನರ ಎಳೆತಕ್ಕೆ ಸಿಕ್ಕರೆ ಚೇತರಿಸಿಕೊಳ್ಳಲು ತಿಂಗಳುಗಳು ಬೇಕು. ಹೆತ್ತ ತಕ್ಷಣ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಆರು ವಾರ ಹಿಡಿಯುತ್ತದೆ. ಆ ಆರು ವಾರ ಮುಗಿಯುವ ಮೊದಲೇ ಬುಟ್ಟಿ ಹೊತ್ತರೆ, ಭಾರದ ಗರ್ಭಕೋಶ, ಸೋತ ತಳ, ಮೇಲಿಂದ ಹೊಟ್ಟೆಯ ಒತ್ತಡ ಮೂರೂ ಒಟ್ಟಿಗೆ ಕೂಡುತ್ತವೆ. ಇದನ್ನು ಕೇಳಿ ಸೊಸೆ, “ಹಂಗಾರೆ ಸಿಸೇರಿಯನ್ನೇ ಒಳ್ಳೇದಾ?” ಎಂದರು. ಅಲ್ಲ ಎಂದೆ. ಸಿಸೇರಿಯನ್ನಿನಲ್ಲಿ ಜಾರುವ ಸಾಧ್ಯತೆ ಕಡಿಮೆ ಎಂಬುದು ನಿಜ. ಆದರೆ ಅದಕ್ಕೆ ಅದರದೇ ಅಪಾಯಗಳಿವೆ, ಮುಂದಿನ ಬಸಿರಿಗೂ ಅವು ತಟ್ಟುತ್ತವೆ. ಇದೊಂದೇ ಕಾರಣಕ್ಕೆ ಹೊಟ್ಟೆ ಕೊಯ್ಸಿಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಆಪರೇಷನ್ ಬೇಡ ಎಂದಲ್ಲ, ಮೊದಲು ಹುಣ್ಣು ಮಾಯಲಿ. ವೈದ್ಯರು ಬರೆದುಕೊಟ್ಟ ಈಸ್ಟ್ರೊಜೆನ್ ಕ್ರೀಮು, ಮಲಬದ್ಧತೆಗೆ ಔಷಧ. ಹುಣ್ಣು ಮಾಯ್ದ ಮೇಲೆ ಯೋನಿಯೊಳಗೆ ಕೂರಿಸುವ ಸಿಲಿಕೋನ್ ರಿಂಗು, ಅಂದರೆ ಪೆಸರಿ. ಮೊದಲು ಹಾಕಿದ ರಿಂಗು ಚಿಕ್ಕದಾಗಿ ಎರಡನೇ ದಿನ ಶೌಚದಲ್ಲಿ ಬಿದ್ದುಹೋಯಿತು. ಅದರ ಮುಂದಿನ ಅಳತೆ ನಿಂತಿತು. ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಹಾಕಿದ ಮೇಲೆ ನಡೆದು, ಕೆಮ್ಮಿ, ಕುಕ್ಕರಗಾಲಲ್ಲಿ ಕೂತು, ಮೂತ್ರ ಮಾಡಿ ನೋಡಿಯೇ ಮನೆಗೆ ಹೋಗಬೇಕು. ರಿಂಗು ಇರುವುದೇ ಗೊತ್ತಾಗಬಾರದು. ನೋವಾದರೆ ದೊಡ್ಡದಾಯಿತು ಎಂದರ್ಥ. ಹಾಕಿಸಿಕೊಂಡು ಮರೆತರೆ ಅದೇ ಒಳಗೆ ಹುಣ್ಣು ಮಾಡುತ್ತದೆ, ಆದ್ದರಿಂದ ಮೂರು ತಿಂಗಳಿಗೊಮ್ಮೆ ತೆಗೆಸಿ, ತೊಳೆಸಿ, ಒಳಗೋಡೆ ನೋಡಿಸಿಕೊಳ್ಳಬೇಕು.

ಎಲುಬಿನಿಂದ ಬಿಟ್ಟುಹೋದ ಸ್ನಾಯುವನ್ನು ವ್ಯಾಯಾಮ ಮರಳಿ ಅಂಟಿಸದು, ಹೊರಗೆ ಬಂದ ಗರ್ಭಕೋಶವನ್ನು ಮೇಲಕ್ಕೆ ಏರಿಸದು. ಇದನ್ನು ಮುಚ್ಚುಮರೆಯಿಲ್ಲದೆ ಆಕೆಗೆ ಹೇಳಿದೆ. ವ್ಯಾಯಾಮ ಹೇಳಿಕೊಟ್ಟಿದ್ದು ಉಳಿದ ಸ್ನಾಯುವಿಗಾಗಿ, ಅದಕ್ಕಿಂತ ಹೆಚ್ಚಾಗಿ ಎರಡನೇ ಬಸಿರಿನಲ್ಲಿದ್ದ ಸೊಸೆಗಾಗಿ. ಗಾಳಿ ಬಿಡದಂತೆ ತಡೆಯುವಾಗ ಬಿಗಿಯುವ ಜಾಗವನ್ನೇ ಒಳಕ್ಕೂ ಮೇಲಕ್ಕೂ ಸೆಳೆದು ಆರರಿಂದ ಎಂಟು ಸೆಕೆಂಡು ಹಿಡಿಯುವುದು, ಅಷ್ಟೇ ಹೊತ್ತು ಬಿಡುವುದು. ಹೀಗೆ ಎಂಟರಿಂದ ಹನ್ನೆರಡು ಸಲ, ದಿನಕ್ಕೆ ಮೂರು ಸರದಿ, ಕಡಿಮೆಯೆಂದರೆ ಮೂರು ನಾಲ್ಕು ತಿಂಗಳು. ತಪ್ಪುವುದು ಒಂದೇ ಕಡೆ: ಹಲವರು ಒಳಕ್ಕೆ ಸೆಳೆಯುವ ಬದಲು ಮುಕ್ಕುತ್ತಾರೆ. ಉಸಿರು ಕಟ್ಟಿದರೆ, ಹೊಟ್ಟೆ ಉಬ್ಬಿ ಅದರ ಮೇಲಿಟ್ಟ ಕೈ ಏರಿದರೆ ಅದು ಮುಕ್ಕುವುದೇ, ಮಾಡಿದಷ್ಟೂ ಹಾನಿ. ಕೆಮ್ಮು ಬರುವ, ಕೊಡ ಎತ್ತುವ ಕ್ಷಣಕ್ಕೆ ಮುಂಚೆ ಒಮ್ಮೆ ಬಿಗಿದುಕೊಳ್ಳುವುದನ್ನೂ ಸೊಸೆ ಕಲಿತರು.

ತೆಗೆಸಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತಲ್ಲ, ರಿಂಗಿನ ತಾಪತ್ರಯ ಯಾಕೆ ಎಂದು ಮಗ ಫೋನಿನಲ್ಲಿ ಜೋರಾಗಿಯೇ ಕೇಳಿದ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ನನ್ನ ಉತ್ತರ ಬದಲಾಗಲಿಲ್ಲ. ಹುಣ್ಣಿರುವಾಗ ಕೊಯ್ದರೆ ಸೋಂಕಿನ ಭಯ. ಆಪರೇಷನ್ ಮಾಡಿಸುವುದಾದರೆ ವೈದ್ಯರನ್ನು ಮೊದಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಗರ್ಭಕೋಶ ತೆಗೆದ ಮೇಲೆ ಯೋನಿಯ ಮೇಲ್ತುದಿಯನ್ನು ಯಾವುದಕ್ಕೆ ಕಟ್ಟುತ್ತೀರಿ? ಯುಟಿರೋಸೇಕ್ರಲ್ ಲಿಗಮೆಂಟಿಗೋ, ಹಿಂದಿನ ಎಲುಬಿನ ಹತ್ತಿರದ ಗಟ್ಟಿ ಕಟ್ಟಿಗೋ? ಉತ್ತರ ಸ್ಪಷ್ಟವಾಗಿದ್ದರೆ ಮುಂದುವರಿಯಬಹುದು. ಹಾಗೆ ಕಟ್ಟಿದರೂ ಸೋತ ಸ್ನಾಯು ಸೋತೇ ಇರುತ್ತದೆ, ಆದ್ದರಿಂದ ಮರಳಿ ಜಾರುವುದಿಲ್ಲ ಎಂಬ ಖಾತ್ರಿಯನ್ನು ಯಾರೂ ಕೊಡಲಾರರು. ಎಳೆ ವಯಸ್ಸಿನವರಲ್ಲಿ ಗರ್ಭಕೋಶ ಉಳಿಸಿಕೊಂಡೇ ಮೇಲೆ ಕಟ್ಟುವ ವಿಧಾನಗಳಿವೆ, ಶಿರೋಡ್ಕರ್ ಮತ್ತು ಪುರಂದರೆ ಎಂಬ ನಮ್ಮ ದೇಶದ ವೈದ್ಯರ ಹೆಸರಿನಲ್ಲೇ ಎರಡಿವೆ.

ಈಕೆ ಆಪರೇಷನ್ನನ್ನೇ ಆರಿಸಿಕೊಂಡರು, ದಿನವನ್ನು ಮಾತ್ರ ತಾವೇ ಗೊತ್ತು ಮಾಡಿದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನು ಕಡಿಮೆ, ಬುಟ್ಟಿ ಹೊರಲೇಬೇಕೆಂಬ ಒತ್ತಡವೂ ಕಡಿಮೆ. ಕೊಯ್ದ ಮೇಲೆ ಭಾರ ಎತ್ತದೆ ಇರಬೇಕಾದ ಆರೆಂಟು ವಾರ ಆ ಅವಧಿಯೊಳಗೆ ಸರಿಯಾಗಿ ಕೂರುತ್ತವೆ. ಅಲ್ಲಿಯವರೆಗೆ ರಿಂಗು. ಆಗಸ್ಟಿನಿಂದ ಬುಟ್ಟಿಯನ್ನು ಎರಡು ಪಾಲು ಮಾಡಿ ಎರಡು ಸಲ ಒಯ್ಯುವುದಕ್ಕೆ ಒಪ್ಪಿದ್ದಾರೆ, ಆಟೋಕ್ಕೆ ದುಡ್ಡು ಕೊಡಲು ಇನ್ನೂ ಒಪ್ಪಿಲ್ಲ.