ಹೊರದೇಶದ ಮನೆ ಮಾರಿದ ದುಡ್ಡು: ಕನ್ವರ್ಟ್ ಎಲ್ಲಿ ಮಾಡಿಸ್ತೀರಿ?

"ತೀರಿಹೋದ ಚಿಕ್ಕಪ್ಪನ ಹೊರದೇಶದ ಮನೆ ನನ್ನ ಪಾಲಿಗೆ ಬಂದಿತ್ತು, ಈಗ ಮಾರಾಟ ಆಗಿದೆ. ಮುಂದಿನ ವಾರ ದುಡ್ಡು ಅಲ್ಲಿನ ಲಾಯರ್ ಅಕೌಂಟಿಗೆ ಬರುತ್ತೆ. ಅವರ ಬ್ಯಾಂಕು ಅಲ್ಲೇ ನಮ್ಮ ಕರೆನ್ಸಿಗೆ ಬದಲಾಯಿಸಿ ಕಳಿಸ್ತೀವಿ, ಫೀ ಬರೀ 20 ಅಂತಿದೆ. ಹೂಂ ಅನ್ಲಾ, ಇಲ್ಲ ರೇಟ್ ಏರೋವರೆಗೂ ಕಾಯ್ಲಾ?"

ಮೇಡಂ, ದಯವಿಟ್ಟು ಹೂಂ ಅನ್ಬೇಡಿ. ನಾನು ಅಂದಿದ್ದೆ, ಅದೂ ಇದೇ "ಫೀ ಬರೀ 20" ಅನ್ನೋ ಮಾತಿಗೆ ಮರುಳಾಗಿ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಫೀ ನೋಡಿ ಖುಷಿ ಪಡೋದು ಬಿಟ್ಟು ಅವರು ಯಾವ ರೇಟಿಗೆ ಬದಲಾಯಿಸ್ತಾರೆ ಕೇಳಿ. ಆ ಬ್ಯಾಂಕು ತಾನಾಗಿ ಹೇಳಲ್ಲ, ನಂಗೂ ಹೇಳಿರ್ಲಿಲ್ಲ.

ನನ್ನ ಲೆಕ್ಕ ಹೀಗಿತ್ತು, ಸಂಖ್ಯೆ ರೌಂಡ್ ಮಾಡಿ ಹಾಕ್ತೀನಿ. ಬಂದಿದ್ದು ಅಲ್ಲಿನ ಕರೆನ್ಸಿಲಿ 2,00,000. ಅವತ್ತು ಸ್ಕ್ರೀನ್ ಮೇಲೆ ಮಾರ್ಕೆಟ್ಟಿನ ಕೊಳ್ಳೋ ಮಾರೋ ರೇಟಿನ ನಡುವಿನ ಮಿಡ್ ರೇಟ್ 90, ಅಂದ್ರೆ ಒಂದು ಕೋಟಿ 80 ಲಕ್ಷ ಆಗ್ಬೇಕು. ಬ್ಯಾಂಕು ಹಾಕಿದ್ದು 87.75. ಕೈಗೆ ಬಂದಿದ್ದು ಒಂದು ಕೋಟಿ 75 ಲಕ್ಷ 50 ಸಾವಿರ, ನಾಲ್ಕೂವರೆ ಲಕ್ಷ ಸದ್ದಿಲ್ದೆ ಹೋಯ್ತು. ಫೀ 20 ಅಂದ್ರೆ 1,800, ಅದನ್ನ ಮಾತ್ರ ರಸೀದಿಲಿ ಅಚ್ಚುಕಟ್ಟಾಗಿ ಬರೆದಿದ್ರು! ಮೂರು ವಾರ ಬಿಟ್ಟು ತಮ್ಮನ ಪಾಲು ಬಂತು, ಅಷ್ಟೇ ಮೊತ್ತ. ಅವನದ್ದನ್ನ ಬದಲಾಯಿಸದೆ ಅದೇ ಕರೆನ್ಸಿಲಿ ತರಿಸಿ, ಈ ಕಡೆ ಬ್ಯಾಂಕಲ್ಲಿ ಕರೆನ್ಸಿ ವ್ಯವಹಾರ ನೋಡೋ ಟ್ರೆಷರಿ ಡೆಸ್ಕ್ ಜೊತೆ ಮಾತಾಡಿ ಮಾಡಿಸಿದ್ವಿ. ಮಿಡ್‌ಗಿಂತ ನೂರಕ್ಕೆ 0.4 ಮಾತ್ರ ಕಮ್ಮಿ. ಅದೇ 90ರ ಲೆಕ್ಕದಲ್ಲಿ ಹೋಗೋದು 72 ಸಾವಿರ, ನಾಲ್ಕೂವರೆ ಲಕ್ಷ ಎಲ್ಲಿ, ಇದೆಲ್ಲಿ.

ಮೇಲೆ ಒಬ್ರು "ಝೀರೋ ಫೀ ಬ್ಯಾಂಕ್ ಹುಡುಕಿ, ಅಲ್ಲಿಗೆ ಮುಗೀತು" ಅಂದ್ರು. ಸರ್, ಐನೂರೋ ಸಾವಿರವೋ ಕಳಿಸೋರಿಗೆ ನೀವು ಹೇಳೋದು ಸರಿ, ಅಲ್ಲಿ ಫೀನೇ ದೊಡ್ದು. ಮನೆ ಮಾರಿದ ದುಡ್ಡಿಗೆ ಉಲ್ಟಾ, ರೇಟಿನ ಅಂತರದ ಮುಂದೆ ಫೀ ಲೆಕ್ಕಕ್ಕೇ ಇಲ್ಲ.

ನಾನು ಮಾಡೋದು ಒಂದೇ ಕೆಲಸ. ವಾರದ ಮಧ್ಯದ ದಿನ, ಎರಡೂ ಕಡೆ ಮಾರ್ಕೆಟ್ ತೆರೆದಿರೋ ಹೊತ್ತಲ್ಲಿ, ಲೈವ್ ಮಿಡ್ ರೇಟ್ ತೆರೆದಿಟ್ಕೊಂಡು ಆ ಕಡೆ ಬ್ಯಾಂಕು, ಈ ಕಡೆ ಬ್ಯಾಂಕು ಇಬ್ಬರಿಗೂ ಹತ್ತು ನಿಮಿಷದೊಳಗೆ ಫೋನ್ ಮಾಡೋದು. "ನಿಮ್ಮ ಫೀ ಎಷ್ಟು" ಅಂತ ಕೇಳಲ್ಲ, "2,00,000 ಕೊಟ್ರೆ ಎಲ್ಲಾ ಕಳೆದು ಅಕೌಂಟಲ್ಲಿ ಎಷ್ಟು ಬೀಳುತ್ತೆ, ಒಂದೇ ಸಂಖ್ಯೆ ಹೇಳಿ" ಅಂತೀನಿ. ಒಬ್ರು ಹೇಳಿದ್ದನ್ನ ಇನ್ನೊಬ್ರಿಗೆ ಹೇಳ್ತೀನಿ. ನಾಚಿಕೆ ಪಡ್ಬೇಡಿ, ಎಲ್ಲರಿಗೂ ತೋರಿಸೋ ಬೋರ್ಡ್ ರೇಟ್ ಇರೋದು ಕೇಳದೆ ಇರೋರಿಗೆ. ಬ್ರಾಂಚಲ್ಲಿ "ಅದೇ ರೇಟು, ನಮ್ಮ ಕೈಲಿಲ್ಲ" ಅಂತಾರೆ, ಮಾತಾಡಿ ಒಪ್ಪೋ ಡೀಲ್ ರೇಟ್ ಬೇಕು ಅಂತ ಹಟ ಹಿಡಿದ್ರೆ ಒಳಗಿನ ಡೆಸ್ಕ್‌ಗೆ ಕನೆಕ್ಟ್ ಮಾಡ್ತಾರೆ. ಒಪ್ಪಿದ ರೇಟಿಗೆ ಡೀಲ್ ನಂಬರ್ ಬರೆಸ್ಕೊಳಿ. ಇದನ್ನ ದುಡ್ಡು ಬರೋಕೆ ಮುಂಚೆನೇ, "ನನ್ನನ್ನ ಕೇಳದೆ ಕನ್ವರ್ಟ್ ಮಾಡ್ಬೇಡಿ" ಅಂತ ಬ್ಯಾಂಕಿಗೆ ಲಿಖಿತವಾಗಿ ಕೊಟ್ಟು ಶುರು ಮಾಡಿ, ಇಲ್ದಿದ್ರೆ ಬಂದ ತಕ್ಷಣ ಬೋರ್ಡ್ ರೇಟಲ್ಲೇ ಬದಲಾಯಿಸಿ ಹಾಕಿಬಿಡೋ ಸಾಧ್ಯತೆ ಇದೆ. ಶನಿವಾರ ಭಾನುವಾರ ಬೇಡವೇ ಬೇಡ, ಮಾರ್ಕೆಟ್ ಮುಚ್ಚಿರುತ್ತೆ, ಸೋಮವಾರ ಏನಾಗುತ್ತೋ ಅಂತ ತಮಗೆ ಸೇಫ್ ಆಗೋ ಹಾಗೆ ಅಂತರ ಜಾಸ್ತಿ ಇಟ್ಕೋತಾರೆ.

ವೈಸ್ ತರದ ದುಡ್ಡು ಕಳಿಸೋ ಆ್ಯಪ್ ಬಗ್ಗೆ ಕೇಳೋರಿಗೆ: ಮಿಡ್ ರೇಟು ಬೇರೆ, ಫೀ ಬೇರೆ ತೋರಿಸೋದು ನಂಗೆ ಇಷ್ಟ, ಬೇರೆಯವರ ರೇಟ್ ಅಳೆಯೋಕೆ ಅದನ್ನೇ ಇಟ್ಕೋತೀನಿ. ಆದ್ರೆ ಇಂಥ ಕಂಪನಿಗಳಿಗೆ ದೊಡ್ಡ ಮೊತ್ತ ಕಳಿಸೋ ಮುಂಚೆ ಲಿಮಿಟ್ ನೋಡಿ, ಲಾಯರ್ ಅಕೌಂಟಿಂದ ನೇರ ಬಂದ ದುಡ್ಡು ತಗೋತಾರಾ ಕೇಳಿ. ನಿಮ್ಮ ಹೆಸರಿನ ಅಕೌಂಟಿಂದಲೇ ಬರ್ಬೇಕು ಅಂತ ವಾಪಸ್ ಕಳಿಸೋರೂ ಇದ್ದಾರೆ.

ಇನ್ನು ಕಾಯೋ ವಿಷಯ. ಇದ್ರಲ್ಲೂ ನಾನೇ ಪೆದ್ದ. ನನ್ನ ಪಾಲನ್ನ 92 ಆದ್ಮೇಲೆ ಮಾಡೋಣ ಅಂತ ಏಳು ವಾರ ಕೂತಿದ್ದೆ, 91.20ಕ್ಕೆ ಹೋಯ್ತು, ಇನ್ನೊಂಚೂರು ಅಂತ ಬಿಟ್ಟೆ, ಆಮೇಲೆ 90ಕ್ಕೆ ಇಳೀತು, ಗಾಬರಿಲಿ ಆ ಬ್ಯಾಂಕಿನ ಫಾರ್ಮಿಗೆ ಸೈನ್ ಹಾಕ್ದೆ. ಅಷ್ಟೂ ದಿನ ಈ ಕಡೆ ಮನೆ ಸಾಲಕ್ಕೆ ಬಡ್ಡಿ ಕಟ್ತಾನೇ ಇದ್ದೆ! ನೂರಕ್ಕೆ 9 ಬಡ್ಡಿ ಸಾಲ ಅಷ್ಟೇ ಮೊತ್ತದ್ದಿದ್ರೆ, ಒಂದು ತಿಂಗಳು ಕಾದ್ರೆ ಒಂದು ಲಕ್ಷ 35 ಸಾವಿರ ಹೋಗುತ್ತೆ, ಅದನ್ನ ತುಂಬೋಕೇ ರೇಟು 90ರಿಂದ ಸುಮಾರು 90.70 ಆಗ್ಬೇಕು. ಏರುತ್ತಾ ಇಳಿಯುತ್ತಾ ಯಾರಿಗೂ ಗೊತ್ತಿಲ್ಲ. 2016ರ ಜೂನ್ 23ರ ಬ್ರೆಕ್ಸಿಟ್ ಮತದಾನದ ರಾತ್ರಿ ಪೌಂಡು 1.50 ಡಾಲರ್‌ವರೆಗೆ ಏರಿ, ಬೆಳಗಾಗೋದ್ರೊಳಗೆ 1.33ರ ಕೆಳಗೆ ಬಿದ್ದಿತ್ತು. ರಾತ್ರಿ "ನಾಳೆ ಮಾಡೋಣ" ಅಂತ ಮಲಗಿದವರ ಕಥೆ ಯೋಚ್ನೆ ಮಾಡಿ.

ಮೇಲೆ ಲೆಕ್ಕಪತ್ರ ನೋಡೋ ಇನ್ನೊಬ್ರು ಸರ್ ಫಾರ್ವರ್ಡ್ ಕರಾರು ಮಾಡಿಸಿ ಅಂದಿದ್ದಾರೆ, ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಫಾರ್ವರ್ಡ್ ಅಂದ್ರೆ ಇವತ್ತೇ ರೇಟ್ ಕಟ್ಟಿಹಾಕಿ, ದುಡ್ಡು ಬಂದ ದಿನ ಅದೇ ರೇಟಲ್ಲಿ ಕೊಡೋದು, ಮುಂಗಡ ಡೆಪಾಸಿಟ್ ಕೇಳಬಹುದು. ಆದ್ರೆ ಮನೆ ಖರೀದಿದಾರ ಕೈ ಕೊಟ್ರೆ ಆ ಕರಾರು ಬಿಡಲ್ಲ, ನಷ್ಟ ಆದ್ರೆ ನೀವೇ ಕಟ್ಬೇಕು. ಹಾಗಾಗಿ ಹಿಂದೆ ಸರಿಯೋಕಾಗದ ಅಗ್ರಿಮೆಂಟ್ ಆಗೋವರೆಗೂ ಮುಟ್ಬೇಡಿ. ನಿಮಗೆ ವಾರ ಮಾತ್ರ ಬಾಕಿ, ನಂಗೆ ಅದರ ಅವಶ್ಯಕತೆ ಕಾಣ್ತಿಲ್ಲ, ಸರ್ ಒಪ್ಪಲ್ಲ ಅಂತ ಗೊತ್ತು. ನಾನಾದ್ರೆ ಸಾಲ ತೀರಿಸೋಕೆ ಬೇಕಾದಷ್ಟನ್ನ ಬಂದ ದಿನವೇ ಮಾಡಿ, ಉಳಿದಿದ್ದನ್ನ ಮೂರು ಸಲಕ್ಕೆ, ತಾರೀಕು ಮೊದಲೇ ಬರೆದಿಟ್ಟು ಮಾಡ್ತೀನಿ, ರೇಟ್ ಏನಿದ್ರೂ ಸರಿ.

ಕಳಿಸೋ ಫಾರ್ಮಲ್ಲಿ ಕರೆನ್ಸಿ ಕಾಲಂ ನೋಡಿ, ಆನ್‌ಲೈನ್ ಆದ್ರೆ ಪಡೆಯೋ ದೇಶದ್ದು ತಾನಾಗೇ ಬಂದು ಕೂತಿರಬಹುದು, ಅದನ್ನ ಬದಲಾಯಿಸಿ. ಚಾರ್ಜ್ ಜಾಗದಲ್ಲಿ OUR ಹಾಕಿಸಿ, ಅಂದ್ರೆ ಚಾರ್ಜ್ ಕಳಿಸೋರದ್ದು. SHA, ಅಂದ್ರೆ ಇಬ್ಬರೂ ಹಂಚ್ಕೊಳ್ಳೋದು ಆದ್ರೆ ಮಧ್ಯದ ಬ್ಯಾಂಕು ದಾರಿಲಿ ಕಿತ್ಕೊಳ್ಳಬಹುದು. OUR ಹಾಕಿದ್ರೂ ಪಡೆಯೋ ಬ್ಯಾಂಕು ತನ್ನ ಚಾರ್ಜ್ ಹಾಕಬಹುದು, ಅದು ಚಿಲ್ಲರೆ, ಅದಕ್ಕೆ ಜಗಳ ಬೇಡ. ಕಮ್ಮಿ ಬಂತು ಅನ್ಸಿದ್ರೆ ಕಳಿಸಿದವರಿಂದ pacs.008 ಅನ್ನೋ ಪಾವತಿ ಸಂದೇಶದ ಕಾಪಿ ಕೇಳಿ, 2025ರ ನವೆಂಬರ್‌ವರೆಗೆ ಅದರ ಜಾಗದಲ್ಲಿ MT103 ಕೂಡ ಇತ್ತು. Instructed Amount ಸಾಲಲ್ಲಿ ಕಳಿಸೋಕೆ ಹೇಳಿದ ಮೊತ್ತ, Interbank Settlement Amount ಸಾಲಲ್ಲಿ ಮುಂದಕ್ಕೆ ಹೋದ ಮೊತ್ತ ಇರುತ್ತೆ. ಕರೆನ್ಸಿ ಬೇರೆ ಇದ್ರೆ ಬೇಡ ಅಂದ್ರೂ ಅಲ್ಲೇ ಬದಲಾಯಿಸಿದ್ದಾರೆ ಅಂತ ಅರ್ಥ, Exchange Rate ಸಾಲಲ್ಲಿ ಯಾವ ರೇಟು ಅಂತಲೂ ಇರುತ್ತೆ. ನಂಗೆ ಸತ್ಯ ಗೊತ್ತಾಗಿದ್ದೇ ಅಲ್ಲಿ. ದುಡ್ಡು ಮಧ್ಯದಲ್ಲಿ ಸಿಕ್ಕಾಕೊಂಡ್ರೆ UETR ನಂಬರ್ ಕೇಳಿ, ಅದರಿಂದ ಎಲ್ಲಿ ನಿಂತಿದೆ ಅಂತ ಬ್ಯಾಂಕ್ ಪತ್ತೆ ಮಾಡುತ್ತೆ.

ಟ್ಯಾಕ್ಸ್ ಬೇರೆ ವಿಷಯ, ಆದ್ರೂ ಒಂದ್ಮಾತು. ಆ ದೇಶ ಯಾವ್ದು ಅಂತ ನೀವು ಹೇಳಿಲ್ಲ. ಅಮೆರಿಕ ಆದ್ರೆ ಹೊರಗಿನವರು ಮಾರಿದಾಗ ಸಾಮಾನ್ಯವಾಗಿ ಮಾರಿದ ಬೆಲೆಯ ನೂರಕ್ಕೆ 15 ಮೊದಲೇ ಹಿಡೀತಾರೆ, ಲಾಭ ಇರ್ಲಿ ಬಿಡ್ಲಿ. ಬ್ರಿಟನ್ನಿನ ಮನೆ ಆದ್ರೆ ಮಾರಾಟ ಪೂರ್ಣ ಆದ 60 ದಿನದೊಳಗೆ ಅಲ್ಲಿನ ಟ್ಯಾಕ್ಸ್ ಇಲಾಖೆಗೆ ರಿಪೋರ್ಟ್ ಮಾಡ್ಬೇಕು. ಲಾಯರ್‌ನ ಇವತ್ತೇ ಕೇಳಿ. ವಿಲ್, ಅದನ್ನ ಕೋರ್ಟ್ ಒಪ್ಪಿದ ಪ್ರೊಬೇಟ್ ಪತ್ರ, ಮಾರಾಟದ ಲೆಕ್ಕಪಟ್ಟಿ ಇಷ್ಟನ್ನ ಎರಡೂ ಬ್ಯಾಂಕಿಗೆ ಮುಂಚೆನೇ ಕೊಟ್ಟಿಡಿ, ದುಡ್ಡು ಎಲ್ಲಿಂದ ಬಂತು ಅಂತ ಕೇಳಿ ತಡೆದು ಹಿಡಿದ್ರೆ ಒಪ್ಪಿದ ರೇಟ್ ಕೈ ತಪ್ಪಬಹುದು. ಹೆಸರಿನ ಇನಿಶಿಯಲ್ ಪಾಸ್‌ಪೋರ್ಟಲ್ಲಿ ಒಂಥರ, ಅಕೌಂಟಲ್ಲಿ ಒಂಥರ ಇದ್ರೂ ನಿಲ್ಲುತ್ತೆ, ತಮ್ಮನದ್ದು ಹಾಗೆ ಒಂಬತ್ತು ದಿನ ನಿಂತಿತ್ತು.

ಆ ಲಾಯರ್ ಹೆಸರಲ್ಲಿ "ಅಕೌಂಟ್ ವಿವರ ಇನ್ನೊಮ್ಮೆ ಕಳಿಸಿ" ಅಂತ ಮೇಲ್ ಬಂದ್ರೆ ಉತ್ತರ ಹಾಕ್ಬೇಡಿ, ಮೊದಲಿಂದ ನಿಮ್ಮ ಹತ್ರ ಇರೋ ನಂಬರಿಗೆ ಫೋನ್ ಮಾಡಿ ಅವರ ಧ್ವನಿಲೇ ಕೇಳಿ, ನಿಮ್ಮ ಅಕೌಂಟ್ ನಂಬರ್‌ನ ಕೊನೆ ನಾಲ್ಕು ಅಂಕಿ ಅವರಿಂದಲೇ ಓದಿಸಿ.