ಶೀಟಿನಲ್ಲಿ ನೂರು ಪರ್ಸೆಂಟ್, ಎರಡನೇ ವಾರದಲ್ಲಿ 66 ಗಂಟೆ

ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಕಥೆ ಇದು. ಹೆಸರು ಮತ್ತು ಕೆಲಸದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ, ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಶೈಲಾ ಅಂತ ಕರೆಯೋಣ. ವಯಸ್ಸು ಮೂವತ್ತು ದಾಟಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಡೇಟಾಬೇಸ್ ಕೆಲಸ.

"ನನಗೆ ಟೈಮ್ ಮ್ಯಾನೇಜ್‌ಮೆಂಟ್ ಬರಲ್ಲ ಮೇಡಂ, ಅದನ್ನೊಂದು ಕಲಿಸಿಕೊಡಿ." ಬಂದ ಕೂಡಲೇ ಹೇಳಿದ್ದು ಇದು. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ, ಭಾನುವಾರ ಮಧ್ಯಾಹ್ನದಿಂದಲೇ ಹೊಟ್ಟೆ ತೊಳಸುತ್ತೆ, ಮಗಳ ಮೇಲೆ ಸುಮ್ಸುಮ್ನೆ ರೇಗುತ್ತೇನೆ ಅಂದರು. ನಾನು ಮೊದಲು ಕೇಳಿದ್ದು ಒಂದೇ: ಕೆಲಸ ಕಡಿಮೆ ಇರುವ ವಾರದಲ್ಲಿ ನಿದ್ದೆ ಹೇಗಿರುತ್ತೆ? "ಆಗ ಚೆನ್ನಾಗೇ ಬರುತ್ತೆ" ಅಂದರು. ಈ ಪ್ರಶ್ನೆ ನಾನು ತಪ್ಪದೆ ಕೇಳುತ್ತೇನೆ. ಹಗುರ ವಾರದಲ್ಲೂ ನಿದ್ದೆ ಬರದಿದ್ದರೆ ಡಾಕ್ಟರ್ ಹತ್ತಿರ ಕಳಿಸುವುದು ಮೊದಲ ಕೆಲಸ. ಇವರದು ಹಾಗಿರಲಿಲ್ಲ, ಹಾಗಾಗಿ ನೇರ ಕೆಲಸದ ಲೆಕ್ಕಕ್ಕೇ ಹೋದೆವು.

ಶೈಲಾ ಮೂರು ಪ್ರಾಜೆಕ್ಟ್‌ಗಳಲ್ಲಿದ್ದರು. ಒಂದು ಬ್ಯಾಂಕಿನ ಡೇಟಾ ಮೈಗ್ರೇಶನ್, ಅದಕ್ಕೆ ಅವರ ಸಮಯದ 50 ಪರ್ಸೆಂಟ್. ಇನ್ನೊಂದು ವಿಮಾ ಕಂಪನಿಯ ರಿಪೋರ್ಟ್‌ಗಳ ಕೆಲಸ, 30. ಮೂರನೆಯದು ಅವರದೇ ಆಫೀಸಿನ ಡೇಟಾಬೇಸ್ ಅಪ್‌ಗ್ರೇಡ್, 20. ಕೂಡಿದರೆ ಸರಿಯಾಗಿ ನೂರು. ಮೂವರು ಮ್ಯಾನೇಜರ್‌ಗಳ ಅಲೊಕೇಶನ್ ಶೀಟಿನಲ್ಲೂ ಎಲ್ಲ ಹಸಿರು. ಅದಕ್ಕೇ ತಪ್ಪು ತನ್ನದೇ ಅಂತ ಆಕೆ ನಂಬಿಬಿಟ್ಟಿದ್ದರು.

ಇಂಥ ಪ್ರಕರಣ ನನ್ನ ಹತ್ತಿರ ತುಂಬಾ ಬರುತ್ತವೆ, ಹೆಚ್ಚಿನವುಗಳಲ್ಲಿ ಗಂಟು ಇರುವುದು ಇಲ್ಲೇ. ಪರ್ಸೆಂಟ್ ಅನ್ನುವುದು ತಿಂಗಳ ಸರಾಸರಿ, ಕೆಲಸ ಬೀಳುವುದು ವಾರದ ಮೇಲೆ. ಒಂದು ಹಾಳೆ ಕೊಟ್ಟು, ಪರ್ಸೆಂಟ್ ಮರೆತು ವಾರಕ್ಕೆ ಎಷ್ಟು ಗಂಟೆ ಅಂತ ಬರೆಯಿರಿ, ಮೀಟಿಂಗ್‌ಗಳನ್ನೂ ಸೇರಿಸಿ ಅಂದೆ. ನಾಲ್ಕು ವಾರಕ್ಕೆ ಬ್ಯಾಂಕಿನದು 12, 32, 24, 12 ಗಂಟೆ. ವಿಮೆಯದು 8, 20, 12, 8. ಅಪ್‌ಗ್ರೇಡ್ 6, 14, 6, 6. ಒಟ್ಟು 160 ಗಂಟೆ, ವಾರಕ್ಕೆ 40ರ ಲೆಕ್ಕದಲ್ಲಿ ನೂರಕ್ಕೆ ನೂರು. ಆದರೆ ವಾರವಾರದ ಹಂಚಿಕೆ ನೋಡಿ: ಮೊದಲ ವಾರ 26, ಎರಡನೇ ವಾರ 66, ಮೂರನೆಯದು 42, ನಾಲ್ಕನೆಯದು ಮತ್ತೆ 26. ಎರಡನೇ ವಾರದ ಅಂಕಿ ಬರೆದವರೇ ಪೆನ್ನು ಕೆಳಗಿಟ್ಟು, "ಇದು ಯಾರಿಗೂ ಆಗಲ್ಲ ಅಲ್ವಾ ಮೇಡಂ?" ಅಂದರು. ಯಾರಿಗೂ ಆಗಲ್ಲ. ಟೈಮ್ ಮ್ಯಾನೇಜ್‌ಮೆಂಟ್ ಕಲಿತರೂ ಆಗಲ್ಲ.

ಹಾಗಾದರೆ ಏನು ಮಾಡುವುದು? ಸಾಮಾನ್ಯವಾಗಿ ಜನ ಯಾವುದು ಮುಖ್ಯ ಅಂತ ಕೇಳುತ್ತಾರೆ, ಮೂವರು ಮ್ಯಾನೇಜರ್‌ಗಳೂ ನಮ್ಮದೇ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ನಾನು ಬೇರೆ ಥರ ಕೇಳಿದೆ: ಈ ವಾರದ ಕೆಲಸದಲ್ಲಿ ಯಾವುದು ತಡವಾದರೆ ಮುಂದೆ ಯಾರಾದರೂ ಕೈಕಟ್ಟಿ ಕೂರಬೇಕಾಗುತ್ತದೆ? ಒಂದೊಂದನ್ನೇ ಹಿಡಿದು ನೋಡಿದೆವು. ಬ್ಯಾಂಕಿನ ಟ್ರಯಲ್ ರನ್ ಎರಡನೇ ಶನಿವಾರ. ಅವತ್ತು ಬ್ಯಾಂಕುಗಳಿಗೆ ರಜೆ, ಆ ದಿನ ತಪ್ಪಿದರೆ ನಾಲ್ಕನೇ ಶನಿವಾರದವರೆಗೆ ಕಾಯಬೇಕು. ಶುಕ್ರವಾರದೊಳಗೆ ಶೈಲಾ ಸ್ಕ್ರಿಪ್ಟ್‌ಗಳನ್ನು ಕೊಡಲೇಬೇಕು. ಅದನ್ನು ಮುಟ್ಟುವ ಹಾಗಿಲ್ಲ. ವಿಮೆಯ 20 ಗಂಟೆಯಲ್ಲಿ 12 ಗಂಟೆ ಟೆಸ್ಟ್ ಡೇಟಾ ತಯಾರಿಸುವುದು, ಆದರೆ ಟೆಸ್ಟಿಂಗ್ ಶುರುವಾಗುವುದೇ ಮುಂದಿನ ತಿಂಗಳು. ಅಂದರೆ ಈ 12 ಗಂಟೆಯನ್ನು ನಾಲ್ಕನೇ ವಾರಕ್ಕೆ ತಳ್ಳಿದರೆ ಯಾರಿಗೂ ಏನೂ ಆಗುವುದಿಲ್ಲ, ಪ್ಲಾನ್ ಮಾಡಿದವರು ಜಾಗ ಕಂಡಲ್ಲಿ ತುಂಬಿದ್ದರು ಅಷ್ಟೇ. ಅಪ್‌ಗ್ರೇಡ್‌ನಲ್ಲಿ 8 ಗಂಟೆ ರಿಹರ್ಸಲ್, ಡೇಟಾಬೇಸಿನ ಕಾಪಿ ಮೇಲೆ ಮಾಡುವಂಥದ್ದು. ಅದನ್ನು ಮೊದಲ ವಾರಕ್ಕೇ ತರಬಹುದು. ಎರಡನೇ ವಾರ 66ರಿಂದ 46ಕ್ಕೆ ಇಳಿಯಿತು.

ಇನ್ನೂ 6 ಗಂಟೆ ಜಾಸ್ತಿ. ಆಗ ಮೊಬೈಲಿನಲ್ಲಿ ಅವರ ಕ್ಯಾಲೆಂಡರ್ ತೆಗೆಸಿದೆ. ಮಂಗಳವಾರ: ಒಂಬತ್ತೂವರೆಗೆ ಒಂದು ಪ್ರಾಜೆಕ್ಟ್‌ನ ಸ್ಟ್ಯಾಂಡಪ್ ಅನ್ನುವ ಅರ್ಧ ಗಂಟೆಯ ಮೀಟಿಂಗ್, ಹತ್ತೂಕಾಲಿಗೆ ಇನ್ನೊಂದು, ಹನ್ನೊಂದಕ್ಕೆ ಮತ್ತೊಂದು, ಮೂರಕ್ಕೆ ರಿವ್ಯೂ. ಹನ್ನೊಂದೂವರೆಯ ತನಕ ಕೈಗೆ ಸಿಗುವುದು ಹದಿನೈದು ನಿಮಿಷದ ಎರಡು ತುಂಡು. ಹದಿನೈದು ನಿಮಿಷದಲ್ಲಿ ಯಾವ ಮೈಗ್ರೇಶನ್ ಸ್ಕ್ರಿಪ್ಟ್ ಮುಗಿಯುತ್ತೆ? ಒಂದೊಂದು ಪ್ರಾಜೆಕ್ಟ್‌ಗೆ ವಾರಕ್ಕೆ ಮೂರೂವರೆ ಗಂಟೆ ಮೀಟಿಂಗೇ. ಎರಡನೇ ವಾರ ಮಾತ್ರ ವಿಮೆ ಮತ್ತು ಅಪ್‌ಗ್ರೇಡ್ ಮೀಟಿಂಗ್‌ಗಳನ್ನು ಬಿಟ್ಟು, ಬದಲಿಗೆ ನಾಲ್ಕು ಸಾಲು ಬರೆದು ಕಳಿಸಿದರೆ, ವಾರಕ್ಕೆ ತಲಾ ಅರ್ಧ ಗಂಟೆ ಸಾಕು. ಅಲ್ಲಿಗೆ 6 ಗಂಟೆ ಉಳಿಯಿತು, ವಾರ 40ಕ್ಕೆ ಬಂತು.

ಈ ಶೀಟ್ ಹಿಡಿದು ಮೂವರ ಹತ್ತಿರ ಬೇರೆ ಬೇರೆಯಾಗಿ ಹೋಗಬೇಡಿ ಅಂತ ಒತ್ತಿ ಹೇಳಿದೆ. ಇಷ್ಟು ದಿನ ಆಗಿದ್ದೇ ಅದು. ಒಬ್ಬೊಬ್ಬರೂ ತಮ್ಮ ಕೆಲಸ ಮಾತ್ರ ನೋಡಿ "ಆಗುತ್ತಾ?" ಅಂತ ಕೇಳುತ್ತಿದ್ದರು, ಆಕೆ "ಆಗುತ್ತೆ ಸರ್" ಅನ್ನುತ್ತಿದ್ದರು. ಬಿಡಿಬಿಡಿಯಾಗಿ ನೋಡಿದರೆ ಮೂರು ಸಲವೂ ಅದು ನಿಜವೇ. ಮೂವರಿಗೂ ಮೇಲಿರುವ ಡೆಲಿವರಿ ಹೆಡ್ ಸೇರಿ ಎಲ್ಲರಿಗೂ ಒಂದೇ ಮೇಲ್ ಹಾಕಿ ಅಂದೆ, ಅದನ್ನು ಕೂತು ಬರೆದೆವು:

"ಎರಡನೇ ವಾರ ನನ್ನ ಹೆಸರಿಗೆ ಮೂರೂ ಕಡೆಯಿಂದ 66 ಗಂಟೆ ಕೆಲಸ ಬಿದ್ದಿದೆ. ಬ್ಯಾಂಕಿನ ಟ್ರಯಲ್ ರನ್ ಸರಿಸಲು ಆಗುವುದಿಲ್ಲ. ಉಳಿದದ್ದರಲ್ಲಿ ಏನನ್ನು ಯಾವ ವಾರಕ್ಕೆ ಹಾಕಬಹುದು ಅಂತ ಶೀಟಿನಲ್ಲಿ ಗುರುತು ಮಾಡಿದ್ದೇನೆ. ನೀವೆಲ್ಲ ಒಟ್ಟಿಗೆ ಅರ್ಧ ಗಂಟೆ ನೋಡಿ ಒಪ್ಪಿದರೆ ಹಾಗೇ ನಡೆಸುತ್ತೇನೆ."

ಇದರಲ್ಲಿ ಕಷ್ಟ ಆಗ್ತಿದೆ, ಸುಸ್ತಾಗಿದೆ ಅನ್ನುವ ಮಾತು ಬೇಕಂತಲೇ ಹಾಕಲಿಲ್ಲ. ಸುಸ್ತು ಸುಳ್ಳಲ್ಲ. ಆದರೆ ಆ ಮಾತು ಬಂದ ಕೂಡಲೇ ಚರ್ಚೆ ಶೈಲಾ ಬಗ್ಗೆ ಆಗುತ್ತದೆ, ನಮಗೆ ಬೇಕಿದ್ದದ್ದು 66ರ ಬಗ್ಗೆ.

ಮೀಟಿಂಗ್ ನಡೆಯಿತು. ವಿಮೆಯ ಮ್ಯಾನೇಜರ್ ತಕ್ಷಣ ಒಪ್ಪಿದರು. ಅಪ್‌ಗ್ರೇಡ್ ನೋಡುವವರು, "ಕೊಟ್ಟಿರೋದೇ ಇಪ್ಪತ್ತು ಪರ್ಸೆಂಟ್, ಅದರಲ್ಲೂ ಮೀಟಿಂಗಿಗೆ ಬರಲ್ಲ ಅಂದ್ರೆ ಹೇಗೆ?" ಅಂತ ಕೇಳಿದರಂತೆ. ಅದಕ್ಕೆ ಶೈಲಾ ಉತ್ತರ ಕೊಡಬೇಕಾಗಲಿಲ್ಲ, ಡೆಲಿವರಿ ಹೆಡ್ ಒಂದು ವಾರ ಬರಹದಲ್ಲೇ ಅಪ್‌ಡೇಟ್ ಸಾಕು ಅಂದರು. ನಾನು ಬಯಸಿದ್ದೂ ಇದನ್ನೇ. ಮೂರು ಪ್ರಾಜೆಕ್ಟ್‌ಗಳ ನಡುವೆ ತೀರ್ಮಾನ ಮಾಡುವ ಅಧಿಕಾರ ಮೂವರಿಗೂ ಮೇಲಿರುವವರದು. ಅದನ್ನು ನಡುವೆ ಸಿಕ್ಕಿಬಿದ್ದವರ ತಲೆ ಮೇಲೆ ಹಾಕುವುದು ಅನ್ಯಾಯ.

ಆದರೂ ಇಲ್ಲಿ ಪುಣ್ಯಕ್ಕೆ ಸರಿಸಬಹುದಾದ 20 ಗಂಟೆ ಇತ್ತು. ಮೂರರಲ್ಲೂ ಒಂದು ದಿನವೂ ಸಡಿಲ ಇಲ್ಲದಿದ್ದರೆ ಇಂಥ ಹೊಂದಾಣಿಕೆಯಿಂದ ಏನೂ ಆಗುತ್ತಿರಲಿಲ್ಲ. ಆಗ ಒಂದು ಡೆಡ್‌ಲೈನ್ ಮುಂದೆ ಹೋಗಬೇಕು, ಇಲ್ಲ ಇನ್ನೊಬ್ಬರು ಬರಬೇಕು. ಇನ್ನೊಬ್ಬರು ಬಂದರೂ ಮೊದಲ ಕೆಲವು ದಿನ ಅವರಿಗೆ ಹೇಳಿಕೊಡುವ ಕೆಲಸವೂ ಹಳಬರ ಮೇಲೇ ಬೀಳುತ್ತದೆ, ಆದ್ದರಿಂದ ಎರಡನೇ ವಾರದ ಇಕ್ಕಟ್ಟಿಗೆ ಎರಡನೇ ವಾರದಲ್ಲೇ ಜನ ಕೊಟ್ಟರೆ ಉಪಯೋಗ ಕಮ್ಮಿ.

ಇನ್ನೊಂದು ತೊಡಕು ಉಳಿದಿತ್ತು. ಹೊಸ ಲೆಕ್ಕದಲ್ಲಿ ವಾರಗಳು 34, 40, 42, 38 ಗಂಟೆ, ಮೀಟಿಂಗ್ ಬಿಟ್ಟದ್ದರಿಂದ ಒಟ್ಟು 154. ರಾತ್ರಿ ಡೇಟಾಬೇಸ್ ಕೆಟ್ಟು ಫೋನ್ ಬಂದರೆ ಆ ನಾಲ್ಕೈದು ಗಂಟೆಗೆ ಜಾಗ ಎಲ್ಲಿದೆ? ಹಾಗಾಗಿ ಇನ್ನೊಂದು ಮಾತು ಬರಹದಲ್ಲಿ ಪಡೆಯಿರಿ ಅಂದೆ: ತುರ್ತು ಕರೆ ಬಂದ ದಿನ ಯಾವ ಪ್ರಾಜೆಕ್ಟ್‌ನ ಕೆಲಸ ನಿಲ್ಲುತ್ತದೆ? ಮೊದಲು ಅಪ್‌ಗ್ರೇಡ್, ಆಮೇಲೆ ವಿಮೆ ಅಂತ ಡೆಲಿವರಿ ಹೆಡ್ ಒಂದು ಸಾಲು ಬರೆದು ಕೊಟ್ಟರು.

ಮುಂದಿನ ತಿಂಗಳ ಅಲೊಕೇಶನ್ ಬಂದಾಗ ಇನ್ನೊಂದು ಪ್ರಾಜೆಕ್ಟ್ 10 ಪರ್ಸೆಂಟ್ ಅಂತ ಸೇರಿತ್ತು. ಶೈಲಾ "ಆಗುತ್ತೆ" ಅನ್ನುವ ಮೊದಲು ವಾರದ ಗಂಟೆ ಕೇಳಿ ಮೇಲ್ ಹಾಕಿದರು. ಉತ್ತರ ಬರಲು ಎರಡು ದಿನ ಹಿಡಿಯಿತು, ಆಮೇಲೆ ಆ ಕೆಲಸ ಬೇರೆಯವರಿಗೆ ಹೋಯಿತು. ಮೂರು ಗಂಟೆಗೆ ಎಚ್ಚರ ಆಗುವುದು ಪೂರ್ತಿ ನಿಂತಿಲ್ಲ, ಕಮ್ಮಿ ಆಗಿದೆ. ಅದಕ್ಕಾಗಿ ಈಗಲೂ ಬರುತ್ತಿದ್ದಾರೆ.